ಪಗಾರ ಕೈಗೆ ಎಷ್ಟು ಬರುತ್ತದೆ: ಆಫರ್ ಇಮೇಲ್ ಬರೆಯುವ ಬಗೆ

(ಕಲಬುರಗಿಯಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಮಾಲೀಕರು, ಕಚೇರಿ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ದಾಲ್ ಮಿಲ್ ನಡೆಸುವವರಿದ್ದೀರಿ, ಆಸ್ಪತ್ರೆ, ಶೋರೂಮ್, ಕೋಚಿಂಗ್ ಸೆಂಟರ್ ನಡೆಸುವವರಿದ್ದೀರಿ. ಸಂದರ್ಶನ ಹೇಗೆ ಮಾಡಬೇಕು ಅನ್ನುವುದು ನಿಮಗೆ ಗೊತ್ತಿದೆ, ಅದನ್ನು ಇವತ್ತು ಎತ್ತುವುದಿಲ್ಲ. ಒಬ್ಬರನ್ನು ಆರಿಸಿಯಾಯಿತು, ಫೋನಿನಲ್ಲಿ ‘ನೀವು ಸೆಲೆಕ್ಟ್ ಆಗೀರಿ’ ಅಂತ ಹೇಳಿಯೂ ಆಯಿತು. ಅಲ್ಲಿಂದ ಅವರು ಕೆಲಸಕ್ಕೆ ಹಾಜರಾಗುವ ತನಕ ನಡುವೆ ಇರುವುದು ಒಂದೇ ಒಂದು ಇಮೇಲ್. ಇವತ್ತಿನ ಮಾತು ಅದರ ಬಗ್ಗೆ ಮಾತ್ರ.

ಫೋನ್ ಇಟ್ಟ ಮೇಲೆ ಅಭ್ಯರ್ಥಿಗೆ ಮನೆಯಲ್ಲಿ ಮೊದಲು ಎದುರಾಗುವ ಪ್ರಶ್ನೆ ಹುದ್ದೆಯದಲ್ಲ. ‘ಪಗಾರ ಕೈಗೆ ಎಷ್ಟು ಬರ್ತದ?’ ಅಂತ ಅಪ್ಪ ಕೇಳುತ್ತಾರೆ, ಹೆಂಡತಿ ಕೇಳುತ್ತಾಳೆ, ಅಣ್ಣ ಕೇಳುತ್ತಾನೆ. ನಿಮ್ಮ ಇಮೇಲ್ ತೆರೆದು ಆ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡಲು ಅವರಿಗೆ ಆಗದಿದ್ದರೆ, ಇಮೇಲ್ ಎಷ್ಟೇ ಚೆಂದ ಇದ್ದರೂ ಅರ್ಧ ಬರೆದಂತೆ. ಆದ್ದರಿಂದ ಪಗಾರದಿಂದಲೇ ಶುರು ಮಾಡುತ್ತೇನೆ. ಹೆಚ್ಚು ಹೊತ್ತು ನಿಲ್ಲುವುದೂ ಅಲ್ಲಿಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್ ಇದೆ, 34 ಜನ ಕೆಲಸಗಾರರು. ಹೊಸ ತೊಗರಿಯ ಆವಕ ಶುರುವಾಗುವ ಮೊದಲು ಒಬ್ಬ ಗುಣಮಟ್ಟ ನಿಯಂತ್ರಣ ಅಧಿಕಾರಿ ಬೇಕು. ಆರಿಸಿದ ಅಭ್ಯರ್ಥಿ ಈಗ ಸೊಲ್ಲಾಪುರದ ಒಂದು ಆಹಾರ ಘಟಕದಲ್ಲಿ ಕೆಲಸ ಮಾಡುತ್ತಿದ್ದಾರೆ, ಅಲ್ಲಿ 30 ದಿನದ ನೋಟಿಸ್ ಕೊಡಬೇಕು. ಮಾಲೀಕರು ಫೋನಿನಲ್ಲಿ ‘ವರ್ಷಕ್ಕೆ ಹತ್ರಹತ್ರ ಐದು ಲಕ್ಷದ ಪ್ಯಾಕೇಜ್’ ಅಂದಿದ್ದಾರೆ.

ಐದು ಲಕ್ಷ ಅಂದ ಕೂಡಲೇ ಅಭ್ಯರ್ಥಿ ಮಾಡುವ ಲೆಕ್ಕ ಒಂದೇ: ಹನ್ನೆರಡರಿಂದ ಭಾಗಿಸುವುದು. ತಿಂಗಳಿಗೆ ನಲವತ್ತೊಂದು ಸಾವಿರದ ಮೇಲೆ ಬರುತ್ತದೆ ಅಂತ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಮಾಲೀಕರ ಕಾಗದದಲ್ಲಿರುವ ಲೆಕ್ಕ ಬೇರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 24,000, ಮನೆ ಬಾಡಿಗೆ ಭತ್ಯೆ 9,600, ಪ್ರಯಾಣ ಭತ್ಯೆ 2,400. ಒಟ್ಟು ತಿಂಗಳ ಪಗಾರ 36,000 ರೂಪಾಯಿ. ಇದರ ಮೇಲೆ ಕಂಪನಿ ತನ್ನ ಕಡೆಯಿಂದ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಗೆ ತೆಗೆದಿಡುವ 1,154, ಗುಂಪು ಆರೋಗ್ಯ ವಿಮೆಯ ಕಂತು ತಿಂಗಳ ಲೆಕ್ಕದಲ್ಲಿ 500, ವರ್ಷಕ್ಕೊಮ್ಮೆ ಕೊಡುವ 24,000 ಪ್ರೋತ್ಸಾಹಧನ. ಎಲ್ಲ ಕೂಡಿಸಿದರೆ ವರ್ಷಕ್ಕೆ 4,97,448. ಇದನ್ನೇ ಸಿಟಿಸಿ ಅನ್ನುತ್ತಾರೆ. ಆ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು ಅದು, ನೌಕರನ ಕೈಗೆ ಬರುವ ದುಡ್ಡಲ್ಲ.

ಕೈಗೆ ಬರುವುದು ಎಷ್ಟು? 36,000ದಲ್ಲಿ ನೌಕರನ ಪಾಲಿನ ಪಿಎಫ್ 1,800 ಮುರಿಯುತ್ತದೆ, ವೃತ್ತಿ ತೆರಿಗೆ 200 ಮುರಿಯುತ್ತದೆ. ಉಳಿಯುವುದು 34,000. ಇಷ್ಟು ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ, ಹಾಗಾಗಿ ಬೇರೆ ಕಡಿತ ಇಲ್ಲ. ವೃತ್ತಿ ತೆರಿಗೆ ಫೆಬ್ರವರಿಯಲ್ಲಿ ಮಾತ್ರ 300, ಆ ಒಂದು ತಿಂಗಳು 33,900 ಬರುತ್ತದೆ.

ಸಿಟಿಸಿಯನ್ನೇ ಹನ್ನೆರಡರಿಂದ ಭಾಗಿಸಿದರೂ 41,454, ಬ್ಯಾಂಕ್ ಖಾತೆಗೆ ಬರುವುದು 34,000. ನಡುವೆ 7,454 ರೂಪಾಯಿ. ಈ ವ್ಯತ್ಯಾಸ ಮೊದಲ ಪಗಾರದ ದಿನ ಗೊತ್ತಾದರೆ ಅವರು ನಿಮ್ಮನ್ನು ಮೋಸಗಾರರು ಅಂದುಕೊಳ್ಳುತ್ತಾರೆ. ಇಮೇಲ್‌ನಲ್ಲೇ ಗೊತ್ತಾದರೆ ಅದು ಬರೀ ಲೆಕ್ಕ. ಅದಕ್ಕೇ ಇಮೇಲ್‌ನಲ್ಲಿ ಪಗಾರದ ಮೊದಲ ಸಾಲು ಸಿಟಿಸಿ ಆಗಬಾರದು, ಕೈಗೆ ಬರುವ ಮೊತ್ತ ಆಗಬೇಕು. ಸಿಟಿಸಿ ಬರೆಯಬೇಡಿ ಅನ್ನುತ್ತಿಲ್ಲ, ಅಭ್ಯರ್ಥಿ ಬೇರೆ ಆಫರ್ ಜೊತೆ ಹೋಲಿಸಿ ನೋಡಲು ಅದು ಬೇಕು. ಆದರೆ ಅದು ಕೊನೆಗೆ ಬರಲಿ, ಬಿಡಿಸಿದ ಲೆಕ್ಕದ ಜೊತೆಗೇ ಬರಲಿ.

ಈ ಲೆಕ್ಕದಲ್ಲಿ ಮೂರು ಕಡೆ ಎಡವುವುದು ಹೆಚ್ಚು. ಒಂದೊಂದಾಗಿ ನೋಡೋಣ.

ಮೊದಲನೆಯದು ಪಿಎಫ್. 20 ಅಥವಾ ಹೆಚ್ಚು ಜನ ಇರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. ನೌಕರ 12 ಶೇಕಡಾ, ಕಂಪನಿ 12 ಶೇಕಡಾ. ಆದರೆ ಯಾವುದರ ಮೇಲೆ 12 ಶೇಕಡಾ? ಪಿಎಫ್‌ನ ವೇತನ ಮಿತಿ 15,000. ನಮ್ಮ ಉದಾಹರಣೆಯಲ್ಲಿ ಮಿಲ್ ಆ ಮಿತಿಯ ಮೇಲೆ ಮಾತ್ರ ಕಟ್ಟುತ್ತದೆ, ಅದಕ್ಕೆ 1,800. ಪೂರ್ತಿ 24,000 ಮೇಲೆ ಕಟ್ಟುವ ಸಂಸ್ಥೆಗಳೂ ಇವೆ, ಆಗ ನೌಕರನ ಕಡಿತ 2,880 ಆಗಿ ಕೈಗೆ ಬರುವುದು 32,920ಕ್ಕೆ ಇಳಿಯುತ್ತದೆ. ತಿಂಗಳಿಗೆ 1,080 ರೂಪಾಯಿ ವ್ಯತ್ಯಾಸ. ಉಳಿತಾಯದ ದೃಷ್ಟಿಯಿಂದ ಅದು ಒಳ್ಳೆಯದೇ ಇರಬಹುದು, ಆದರೆ ‘ನಿಯಮಾನುಸಾರ ಪಿಎಫ್’ ಅಂತ ಬರೆದು ಬಿಟ್ಟರೆ ಎರಡರಲ್ಲಿ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ‘15,000 ರೂಪಾಯಿ ಮಿತಿಯ ಮೇಲೆ’ ಅನ್ನುವ ನಾಲ್ಕು ಪದ ಸಾಕು.

ಪಿಎಫ್ ಬಗ್ಗೆಯೇ ಇನ್ನೊಂದು. ಅಭ್ಯರ್ಥಿ ಈಗಾಗಲೇ ಪಿಎಫ್ ಸದಸ್ಯರಾಗಿದ್ದರೆ, ಅಂದರೆ ಯುಎಎನ್ ನಂಬರ್ ಇದ್ದರೆ, ನಿಮ್ಮಲ್ಲೂ ಸದಸ್ಯತ್ವ ಮುಂದುವರಿಯಬೇಕು. ಇದೇ ಮೊದಲ ನೌಕರಿ, ವೇತನವೂ 15,000 ಮೀರಿದೆ ಅಂದರೆ ಮಾತು ಬೇರೆ, ಅವರನ್ನು ಸೇರಿಸಲೇಬೇಕೆಂಬ ಕಡ್ಡಾಯ ಇಲ್ಲ. ಆದ್ದರಿಂದ ಸಂದರ್ಶನದ ದಿನವೇ ಯುಎಎನ್ ಇದೆಯಾ ಅಂತ ಕೇಳಿಕೊಂಡಿರಿ, ಇಮೇಲ್ ಬರೆಯುವಾಗ ಊಹೆ ಮಾಡುವ ಪ್ರಸಂಗ ಬರುವುದಿಲ್ಲ. ಕಂಪನಿಯ 1,800ರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ, ಪಿಎಫ್ ಖಾತೆಗೆ ಬೀಳುವುದು 550. ಪಾಸ್‌ಬುಕ್ ನೋಡಿ ‘ಕಂಪನಿ ಕಡಿಮೆ ಕಟ್ಟೇದ’ ಅಂತ ಬರುವ ತಕರಾರು ಬಹುಪಾಲು ಇದರದ್ದೇ.

ಎರಡನೆಯದು ಗ್ರಾಚ್ಯುಟಿ. 1,154 ಎಲ್ಲಿಂದ ಬಂತು? ಮೂಲ ವೇತನ 24,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ, ಅದರ ಹನ್ನೆರಡನೆಯ ಒಂದು ಭಾಗ ತಿಂಗಳದ್ದು. ಕಂಪನಿಗೆ ಇದು ನಿಜವಾದ ಹೊಣೆ, ಹಾಗಾಗಿ ಸಿಟಿಸಿಯಲ್ಲಿ ತೋರಿಸುತ್ತಾರೆ. ಆದರೆ ಕಾಯಂ ನೌಕರನಿಗೆ ಇದು ಸಿಗಲು ಐದು ವರ್ಷ ಸೇವೆ ಆಗಬೇಕು. ಎರಡು ವರ್ಷಕ್ಕೆ ಬಿಟ್ಟು ಹೋದರೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಮಾತ್ರ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷದ ಸೇವೆ ಸಾಕು. ಹೀಗಾಗಿ ಗ್ರಾಚ್ಯುಟಿಯನ್ನು ಅಂಕಿಯಲ್ಲಿ ತೋರಿಸುವವರು ಅದರ ಪಕ್ಕದಲ್ಲೇ ‘ಐದು ವರ್ಷ ಸೇವೆಯ ನಂತರ’ ಅಂತ ಬರೆಯಲೇಬೇಕು. ಪಕ್ಕದಲ್ಲಿ ಷರತ್ತು ಇಲ್ಲದ ಅಂಕಿ ಅಭ್ಯರ್ಥಿಯ ಕಣ್ಣಿಗೆ ಕೊಟ್ಟ ಮಾತಾಗಿಯೇ ಕಾಣುತ್ತದೆ.

ಮೂರನೆಯದು ಪ್ರೋತ್ಸಾಹಧನ, ನಾವು ಬೋನಸ್ ಅನ್ನುವುದು. ಕಾನೂನಿನ ಪ್ರಕಾರ ಕಡ್ಡಾಯವಾಗಿ ಕೊಡಬೇಕಾದ ಬೋನಸ್ ತಿಂಗಳಿಗೆ 21,000ದ ಒಳಗಿನ ವೇತನದವರಿಗೆ. ನಮ್ಮ ಅಭ್ಯರ್ಥಿಯ ವೇತನ ಅದಕ್ಕಿಂತ ಹೆಚ್ಚು, ಆದ್ದರಿಂದ ಈ 24,000 ಪೂರ್ತಿ ಮಿಲ್ ಮಾಲೀಕರ ಮಾತಿನ ಮೇಲೆ ನಿಂತದ್ದು. ಯಾವಾಗ ಕೊಡುತ್ತೀರಿ, ಯಾವುದರ ಮೇಲೆ ಅಳೆಯುತ್ತೀರಿ, ಅರ್ಧ ವರ್ಷ ಕೆಲಸ ಮಾಡಿದವರಿಗೆ ಎಷ್ಟು ಅನ್ನುವುದು ಇಮೇಲ್‌ನಲ್ಲಿ ಇರಬೇಕು. ನವೆಂಬರ್ 16ಕ್ಕೆ ಸೇರಿದವರು ಮಾರ್ಚ್ ಕೊನೆಗೆ ನಾಲ್ಕೂವರೆ ತಿಂಗಳು ಮುಗಿಸಿರುತ್ತಾರೆ. ಪ್ರಮಾಣಾನುಸಾರ ಅವರಿಗೆ ಬರುವುದು 9,000. ಬರೆದಿರದಿದ್ದರೆ ಅವರು 24,000 ಕಾಯುತ್ತಿರುತ್ತಾರೆ, ಏಪ್ರಿಲ್‌ನಲ್ಲಿ ಮಾತು ಬೆಳೆಯುತ್ತದೆ. ಅಷ್ಟರಲ್ಲಿ ಮಿಲ್‌ನ ಸೀಸನ್ ಕೆಲಸವನ್ನೆಲ್ಲ ಅವರು ಕಲಿತಾಗಿರುತ್ತದೆ, ಅಂಥವರನ್ನು ಕಳೆದುಕೊಳ್ಳುವುದು ನಿಮಗೇ ನಷ್ಟ.

ಇನ್ನು ಸೌಲಭ್ಯಗಳು. ಕಲಬುರಗಿಯಲ್ಲಿ ಒಂದು ಪ್ರಶ್ನೆ ಬೇರೆ ಊರಿಗಿಂತ ಹೆಚ್ಚು ಬರುತ್ತದೆ: ‘ಇಎಸ್‌ಐ ಅದನಾ?’ ಸೇಡಂ ರಸ್ತೆಯಲ್ಲಿ ಇಎಸ್‌ಐನ ಅಷ್ಟು ದೊಡ್ಡ ಆಸ್ಪತ್ರೆ, ವೈದ್ಯಕೀಯ ಕಾಲೇಜು ಎದುರಿಗೇ ಕಾಣುವಾಗ ಆ ಪ್ರಶ್ನೆ ಸಹಜ. ಇಎಸ್‌ಐ ವೇತನ ಮಿತಿ ತಿಂಗಳಿಗೆ 21,000. ಅದರೊಳಗಿನವರಿಗೆ ನೌಕರನಿಂದ ಮುಕ್ಕಾಲು ಶೇಕಡಾ, ಕಂಪನಿಯಿಂದ ಮೂರೂಕಾಲು ಶೇಕಡಾ ಕಟ್ಟುತ್ತೀರಿ. ನಮ್ಮ ಅಭ್ಯರ್ಥಿ ಮಿತಿ ಮೀರಿದವರು, ಅವರಿಗೆ ಇಎಸ್‌ಐ ಇಲ್ಲ. ಇಲ್ಲದ್ದನ್ನೂ ಇಮೇಲ್‌ನಲ್ಲಿ ‘ಇಲ್ಲ’ ಅಂತಲೇ ಬರೆಯಿರಿ, ಬದಲಿಗೆ ಏನಿದೆ ಅಂತ ಹೇಳಿ. ಗುಂಪು ವಿಮೆ ಇದ್ದರೆ ಎಷ್ಟು ಲಕ್ಷದ್ದು, ಯಾರ್ಯಾರಿಗೆ, ಯಾವ ದಿನದಿಂದ. ಇಲ್ಲಿ ಹೆಚ್ಚು ನೋವು ಕೊಡುವುದು ಅಪ್ಪ-ಅಮ್ಮನ ವಿಷಯ. ‘ಕುಟುಂಬಕ್ಕೆ ವಿಮೆ’ ಅಂತ ಬರೆದರೆ ನಮ್ಮ ಕಡೆ ಕುಟುಂಬ ಅಂದರೆ ತಂದೆ-ತಾಯಿ ಮೊದಲು. ಪಾಲಿಸಿಯಲ್ಲಿ ಇರುವುದು ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು ಆಗಿದ್ದರೆ ಅಷ್ಟೇ ಬರೆದು, ‘ತಂದೆ-ತಾಯಿ ಸೇರಿಲ್ಲ’ ಅಂತ ಒಂದು ಸಾಲು ಹಾಕಿ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನ ಈ ವಿಷಯ ಗೊತ್ತಾಗಬಾರದು.

ಹುದ್ದೆಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಹುದ್ದೆಯ ಹೆಸರು ಮಾತ್ರ ಸಾಲದು, ದಿನದ ಕೆಲಸ ಎರಡು ಮೂರು ಸಾಲಿನಲ್ಲಿ ಇರಲಿ. ಗುಣಮಟ್ಟ ನಿಯಂತ್ರಣ ಅಂದರೆ ಲಾರಿ ಬಂದಾಗ ಚೀಲದಿಂದ ಮಾದರಿ ತೆಗೆಯುವುದು, ತೇವಾಂಶ ನೋಡುವುದು, ಕಲ್ಲು-ಮಣ್ಣು, ನುಚ್ಚು, ಹುಳು ಹಿಡಿದ ಕಾಳಿನ ಪ್ರಮಾಣ ಬರೆದಿಡುವುದು. ಸೀಸನ್‌ನಲ್ಲಿ ವೇ-ಬ್ರಿಜ್ ಹತ್ತಿರವೂ ನಿಲ್ಲಬೇಕು, ಕೆಲವು ದಿನ ರಾತ್ರಿ ಪಾಳಿಯೂ ಇದೆ ಅಂತಿದ್ದರೆ ಈಗಲೇ ಬರೆಯಿರಿ. ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ನಾಲ್ಕು ಕೆಲಸ ಮಾಡುವುದು ತಪ್ಪಲ್ಲ. ಆದರೆ ಹೇಳದೆ ಮಾಡಿಸಿದರೆ ಮೂರನೇ ತಿಂಗಳಿಗೆ ಅವರು ಸಾಮಾನು ಕಟ್ಟುತ್ತಾರೆ.

ಈಗ ತಾರೀಖುಗಳಿಗೆ ಬರೋಣ. ಉತ್ತರ ಕೊಡುವ ಕೊನೆಯ ದಿನ ಮತ್ತು ಕೆಲಸಕ್ಕೆ ಸೇರುವ ದಿನ, ಈ ಎರಡನ್ನು ಬೇರೆ ಬೇರೆ ಯೋಚಿಸುವವರೇ ಹೆಚ್ಚು. ಇವು ಒಂದೇ ಹಗ್ಗದ ಎರಡು ತುದಿ. ಅಭ್ಯರ್ಥಿ ಒಪ್ಪಿಕೊಂಡ ಮೇಲೆಯೇ ಅಲ್ಲಿ ರಾಜೀನಾಮೆ ಕೊಡುತ್ತಾರೆ, ರಾಜೀನಾಮೆ ಕೊಟ್ಟ ಮೇಲೆಯೇ ನೋಟಿಸ್ ದಿನಗಳು ಶುರು.

ಲೆಕ್ಕ ಹಾಕಿ ನೋಡೋಣ. ಇಮೇಲ್ ಹೋಗುವುದು 2026ರ ಅಕ್ಟೋಬರ್ 5, ಸೋಮವಾರ ಬೆಳಿಗ್ಗೆ. ಉತ್ತರಕ್ಕೆ ಅಕ್ಟೋಬರ್ 12, ಸೋಮವಾರ ಸಂಜೆ 5 ಗಂಟೆ. ಏಳು ದಿನ ಸಿಕ್ಕವು, ನಡುವೆ ಮನೆಯವರೆಲ್ಲ ಕೂತು ಮಾತಾಡಲು ಒಂದು ಭಾನುವಾರ ಬಂತು. ಆ ಭಾನುವಾರ ಮುಖ್ಯ. ಸೋಮವಾರ ಕಳಿಸಿ ಶುಕ್ರವಾರ ಉತ್ತರ ಕೇಳಿದರೆ, ಬರುವ ಉತ್ತರ ‘ಇನ್ನೆರಡು ದಿನ ಕೊಡ್ರಿ ಸರ್’ ಅಂತಲೇ. ಅಕ್ಟೋಬರ್ 13ಕ್ಕೆ ಸೊಲ್ಲಾಪುರದಲ್ಲಿ ರಾಜೀನಾಮೆ ಕೊಟ್ಟರೆ, ಆ ದಿನವನ್ನೂ ಎಣಿಸಿ 30 ದಿನ ಮುಗಿಯುವುದು ನವೆಂಬರ್ 11. ನವೆಂಬರ್ ಎರಡನೇ ವಾರದಲ್ಲಿ ದೀಪಾವಳಿ ಇದೆ, ಅಮಾವಾಸ್ಯೆಯೂ ಅದರಲ್ಲೇ. ಹಬ್ಬದ ರಜೆಯ ಕಾರಣಕ್ಕೆ ಹಳೆಯ ಕಂಪನಿಯ ಬಿಡುಗಡೆ ಪತ್ರ ಒಂದೆರಡು ದಿನ ತಡವಾಗಬಹುದು. ಮನೆ ಸಾಮಾನು ಕಲಬುರಗಿಗೆ ತರಬೇಕು. ಆದ್ದರಿಂದ ಸೇರುವ ದಿನ ನವೆಂಬರ್ 16, ಸೋಮವಾರ. ನಾಲ್ಕು ದಿನ ಬಿಡುವು ಇಟ್ಟಂತಾಯಿತು. ಇದರ ಬದಲು ನವೆಂಬರ್ 9 ಅಂತ ಬರೆದಿದ್ದರೆ ನೋಟಿಸೇ ಮುಗಿದಿರುತ್ತಿರಲಿಲ್ಲ. ಅದೂ ಅಲ್ಲದೆ, ಅಮಾವಾಸ್ಯೆಯ ದಿನ ಹೊಸ ನೌಕರಿ ಹಿಡಿ ಅಂದರೆ ನಮ್ಮ ಭಾಗದಲ್ಲಿ ಎಷ್ಟು ಮನೆಯವರು ಒಪ್ಪುತ್ತಾರೆ? ಪಂಚಾಂಗ ನೀವು ನಂಬದೇ ಇರಬಹುದು, ತಾರೀಖು ಹಾಕುವ ಮುಂಚೆ ಕ್ಯಾಲೆಂಡರ್ ಒಮ್ಮೆ ತಿರುವಿ ನೋಡಿ.

ಸೇರುವ ದಿನಕ್ಕೆ ಅಂಟಿಕೊಂಡ ಇನ್ನೊಂದು ಲೆಕ್ಕ ಮೊದಲ ಪಗಾರ. ನವೆಂಬರ್ 16ರಿಂದ 30ರ ತನಕ 15 ದಿನ. ಒಟ್ಟು ಪಗಾರ 18,000, ಪಿಎಫ್ ಆ ಅರ್ಧ ತಿಂಗಳ ಮೂಲ ವೇತನ 12,000ದ ಮೇಲೆ 1,440. ವೃತ್ತಿ ತೆರಿಗೆ 25,000 ಮತ್ತು ಅದಕ್ಕಿಂತ ಹೆಚ್ಚಿನ ತಿಂಗಳ ಸಂಬಳಕ್ಕೆ, ಹಾಗಾಗಿ ಆ ತಿಂಗಳು ಇಲ್ಲ. ಕೈಗೆ 16,560. ಹೊಸ ಊರಲ್ಲಿ ಮನೆ ಹಿಡಿದು ಮುಂಗಡ ಕೊಡಬೇಕಾದವರಿಗೆ ಈ ಅಂಕಿ ಮೊದಲೇ ಗೊತ್ತಿದ್ದರೆ ಬಹಳ ಉಪಕಾರ.

ಉತ್ತರದ ಕೊನೆಯ ದಿನದ ಹಿಂದೆ ಸ್ವಲ್ಪ ಕಾನೂನೂ ಇದೆ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಆಫರ್ ಅನ್ನುವುದು ಪ್ರಸ್ತಾವ. ಅದರಲ್ಲಿ ಸಮಯ ಹೇಳಿದ್ದರೆ, ಆ ಸಮಯ ಮುಗಿದ ಕೂಡಲೇ ಪ್ರಸ್ತಾವ ತಾನಾಗಿ ಬೀಳುತ್ತದೆ. ಇದು 6ನೇ ಪ್ರಕರಣ. ಸಮಯ ಹೇಳದೆ ‘ಆದಷ್ಟು ಬೇಗ ತಿಳಿಸಿ’ ಅಂತ ಬರೆದಿದ್ದರೆ ಅದು ಸಮಂಜಸವಾದ ಕಾಲದವರೆಗೆ ಜೀವಂತ ಇರುತ್ತದೆ, ಆ ಕಾಲ ಎಷ್ಟು ಅನ್ನುವುದೇ ಜಗಳದ ವಿಷಯ. ಒಪ್ಪಿಗೆ ಷರತ್ತಿಲ್ಲದೆ ಪೂರ್ತಿಯಾಗಿರಬೇಕು ಅನ್ನುತ್ತದೆ 7ನೇ ಪ್ರಕರಣ. ಇಮೇಲ್‌ನಲ್ಲಿ ಆದ ಕರಾರು ಇಮೇಲ್ ಅನ್ನುವ ಒಂದೇ ಕಾರಣಕ್ಕೆ ಅಸಿಂಧು ಆಗುವುದಿಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆ ಇದನ್ನು ಸ್ಪಷ್ಟ ಹೇಳಿದೆ. ಅಂದರೆ ನೀವು ಸೆಂಡ್ ಒತ್ತಿದ್ದು ಹೊಣೆ ತರುವ ಕೆಲಸ. ಒಂದೇ ಹುದ್ದೆಗೆ ಇಬ್ಬರಿಗೆ ಆಫರ್ ಕಳಿಸಿ ‘ಯಾರು ಮೊದಲು ಬರ್ತಾರೋ ನೋಡೋಣ’ ಅನ್ನಬೇಡಿ. ಇಬ್ಬರೂ ಒಪ್ಪಿದರೆ ಇಬ್ಬರಿಗೂ ಉತ್ತರ ಕೊಡಬೇಕಾಗುತ್ತದೆ, ಒಬ್ಬರಂತೂ ಆಗಲೇ ಹಳೆಯ ನೌಕರಿ ಬಿಟ್ಟಿರುತ್ತಾರೆ.

‘ನಿಗದಿತ ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು’ ಅಂತ ಕೆಲವರು ಬರೆಯುತ್ತಾರೆ. ಇದು ನಿಲ್ಲುವುದಿಲ್ಲ. ಮೌನವನ್ನು ಒಪ್ಪಿಗೆ ಅಂತ ನೀವಾಗಿ ತೀರ್ಮಾನಿಸಲು ಬರುವುದಿಲ್ಲ. ಸರಿಯಾದ ವಾಕ್ಯ ಇದರ ಉಲ್ಟಾ: ಉತ್ತರ ಬಾರದಿದ್ದರೆ ಆಫರ್ ಮುಗಿಯುತ್ತದೆ. ಹೇಗೆ ಉತ್ತರಿಸಬೇಕು ಅನ್ನುವುದನ್ನೂ ಬರೆಯಿರಿ, ಇದೇ ಇಮೇಲ್‌ಗೆ ಉತ್ತರವಾಗಿ ಅಂತ. ಇಲ್ಲದಿದ್ದರೆ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆರಳು ತೋರಿಸುತ್ತಾರೆ, ಇನ್ನೊಬ್ಬರು ನಿಮ್ಮ ಮ್ಯಾನೇಜರ್‌ಗೆ ಗಂಜ್‌ನಲ್ಲಿ ಸಿಕ್ಕಾಗ ಹೇಳಿ ಹೋಗುತ್ತಾರೆ.

ಈಗ ಇಮೇಲ್ ಪೂರ್ತಿ ಹೇಗೆ ಕಾಣುತ್ತದೆ ನೋಡಿ.

> ಸಬ್ಜೆಕ್ಟ್: ಕೆಲಸದ ಆಫರ್: ಗುಣಮಟ್ಟ ನಿಯಂತ್ರಣ ಅಧಿಕಾರಿ, ಕಲಬುರಗಿ. ಅಕ್ಟೋಬರ್ 12ರೊಳಗೆ ಉತ್ತರ ಬೇಕು
>
> ಮಾನ್ಯರೇ,
>
> ಸೆಪ್ಟೆಂಬರ್ 30ರ ಸಂದರ್ಶನದ ನಂತರ ನಮ್ಮ ಮಿಲ್‌ನ ಗುಣಮಟ್ಟ ನಿಯಂತ್ರಣ ಅಧಿಕಾರಿ ಹುದ್ದೆಗೆ ನಿಮ್ಮನ್ನು ಆರಿಸಿದ್ದೇವೆ. ವಿವರ ಹೀಗಿದೆ.
>
> ಕೆಲಸ: ಆವಕದ ತೊಗರಿ ಮತ್ತು ತಯಾರಾದ ಬೇಳೆಯ ಮಾದರಿ ಪರೀಕ್ಷೆ, ದಾಖಲೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವೇ-ಬ್ರಿಜ್ ಮೇಲ್ವಿಚಾರಣೆ ಮತ್ತು ತಿಂಗಳಿಗೆ ಹೆಚ್ಚೆಂದರೆ ಆರು ರಾತ್ರಿ ಪಾಳಿ. ಸ್ಥಳ ಕಪನೂರು. ನೀವು ಉತ್ಪಾದನಾ ವ್ಯವಸ್ಥಾಪಕರಿಗೆ ವರದಿ ಮಾಡುವಿರಿ. ಸಮಯ ಬೆಳಿಗ್ಗೆ 9:30ರಿಂದ ಸಂಜೆ 6, ವಾರದ ರಜೆ ಭಾನುವಾರ. ಮೊದಲ ಆರು ತಿಂಗಳು ಪ್ರೊಬೇಷನ್, ಆ ಅವಧಿಯಲ್ಲಿ ಎರಡೂ ಕಡೆಯಿಂದ 15 ದಿನದ ನೋಟಿಸ್.
>
> ಪಗಾರ: ಪೂರ್ಣ ತಿಂಗಳಿಗೆ ಕೈಗೆ ಬರುವುದು 34,000 (ಮೂವತ್ನಾಲ್ಕು ಸಾವಿರ) ರೂಪಾಯಿ, ಫೆಬ್ರವರಿಯಲ್ಲಿ 33,900. ಲೆಕ್ಕ: ಮೂಲ ವೇತನ ಮತ್ತು ತುಟ್ಟಿಭತ್ಯೆ 24,000, ಮನೆ ಬಾಡಿಗೆ ಭತ್ಯೆ 9,600, ಪ್ರಯಾಣ ಭತ್ಯೆ 2,400, ಒಟ್ಟು 36,000. ಇದರಲ್ಲಿ ಪಿಎಫ್ 1,800 (15,000 ರೂಪಾಯಿ ಮಿತಿಯ ಮೇಲೆ), ವೃತ್ತಿ ತೆರಿಗೆ 200 ಕಡಿತ. ನವೆಂಬರ್‌ನ 15 ದಿನಕ್ಕೆ ಕೈಗೆ 16,560. ಪಗಾರ ಮುಂದಿನ ತಿಂಗಳ 5ರೊಳಗೆ ಬ್ಯಾಂಕ್ ಖಾತೆಗೆ.
>
> ಪ್ರೋತ್ಸಾಹಧನ: ಪೂರ್ಣ ವರ್ಷಕ್ಕೆ 24,000ದವರೆಗೆ, ಕೆಲಸದ ಮೌಲ್ಯಮಾಪನದ ಮೇಲೆ, ಏಪ್ರಿಲ್‌ನಲ್ಲಿ. ಈ ವರ್ಷ ನಾಲ್ಕೂವರೆ ತಿಂಗಳ ಪ್ರಮಾಣದಲ್ಲಿ 9,000ದವರೆಗೆ. ಮಾರ್ಚ್ 31ರಂದು ಸೇವೆಯಲ್ಲಿರಬೇಕು.
>
> ಸೌಲಭ್ಯ: ಕಂಪನಿಯ ಪಿಎಫ್ ಪಾಲು ತಿಂಗಳಿಗೆ 1,800. ಗ್ರಾಚ್ಯುಟಿ ಐದು ವರ್ಷ ಸೇವೆಯ ನಂತರ, ನಿಯಮದಂತೆ. ಗುಂಪು ಆರೋಗ್ಯ ವಿಮೆ 3 ಲಕ್ಷ, ನಿಮಗೆ, ನಿಮ್ಮ ಪತಿ ಅಥವಾ ಪತ್ನಿಗೆ, ಇಬ್ಬರು ಮಕ್ಕಳಿಗೆ, ಸೇರಿದ ದಿನದಿಂದ. ತಂದೆ-ತಾಯಿ ಇದರಲ್ಲಿ ಸೇರಿಲ್ಲ. ಈ ಹುದ್ದೆಗೆ ಇಎಸ್‌ಐ ಅನ್ವಯಿಸುವುದಿಲ್ಲ. ಎಲ್ಲ ಸೇರಿ ಕಂಪನಿಗೆ ತಗಲುವ ವಾರ್ಷಿಕ ವೆಚ್ಚ 4,97,448 ರೂಪಾಯಿ. ಇದರಲ್ಲಿ ಗ್ರಾಚ್ಯುಟಿಯ 13,848, ವಿಮೆಯ 6,000, ಪೂರ್ಣ ವರ್ಷದ ಪ್ರೋತ್ಸಾಹಧನ 24,000 ಸೇರಿವೆ.
>
> ಸೇರುವ ದಿನ: 2026ರ ನವೆಂಬರ್ 16, ಸೋಮವಾರ, ಬೆಳಿಗ್ಗೆ 9:30. ಹಳೆಯ ಸಂಸ್ಥೆಯ ಬಿಡುಗಡೆ ಪತ್ರ, ಪದವಿ ಪ್ರಮಾಣಪತ್ರದ ಪ್ರತಿ, ಯುಎಎನ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ತನ್ನಿ. ಮೂಲ ಪ್ರಮಾಣಪತ್ರ ನೋಡಿ ಆಗಲೇ ಹಿಂತಿರುಗಿಸುತ್ತೇವೆ. ಯಾವ ಹಂತದಲ್ಲೂ ನಿಮ್ಮಿಂದ ಹಣ ಕೇಳುವುದಿಲ್ಲ. ನೇಮಕಾತಿ ಪತ್ರ ಅದೇ ದಿನ ಕೊಡುತ್ತೇವೆ.
>
> ಉತ್ತರ: ಅಕ್ಟೋಬರ್ 12, ಸೋಮವಾರ ಸಂಜೆ 5ರೊಳಗೆ ಇದೇ ಇಮೇಲ್‌ಗೆ ‘ಮೇಲಿನ ಷರತ್ತುಗಳಿಗೆ ಒಪ್ಪಿದ್ದೇನೆ, ನವೆಂಬರ್ 16ಕ್ಕೆ ಹಾಜರಾಗುತ್ತೇನೆ’ ಎಂದು ಬರೆಯಿರಿ. ಆ ಹೊತ್ತಿಗೆ ಉತ್ತರ ಬಾರದಿದ್ದರೆ ಈ ಆಫರ್ ಮುಗಿಯುತ್ತದೆ. ಏನಾದರೂ ಕೇಳುವುದಿದ್ದರೆ ಅಕ್ಟೋಬರ್ 9ರೊಳಗೆ ಕೇಳಿ.

ಕೆಳಗೆ ಬರೆದವರ ಹೆಸರು, ಹುದ್ದೆ, ಫೋನ್. ಅಷ್ಟೇ.

ಇದರಲ್ಲಿ ಎರಡು ಮೂರು ಸಾಲು ಯಾಕೆ ಇವೆ ಅಂತ ಹೇಳಬೇಕು. ‘ಹಣ ಕೇಳುವುದಿಲ್ಲ’ ಅನ್ನುವ ಸಾಲು ಅಭ್ಯರ್ಥಿಯ ಭಯಕ್ಕೆ ಉತ್ತರ. ನೌಕರಿ ಕೊಡಿಸುತ್ತೇವೆ ಅಂತ ಸುಳ್ಳು ಆಫರ್ ಕಳಿಸಿ ಡಿಪಾಜಿಟ್ ಕೇಳುವ ವಂಚನೆ ಎಷ್ಟು ಇದೆ ಅಂದರೆ, ನಿಜವಾದ ಆಫರ್ ಬಂದರೂ ಜನ ಅನುಮಾನ ಪಡುತ್ತಾರೆ. ಆದ್ದರಿಂದ ಇಮೇಲ್ ನಿಮ್ಮ ಸಂಸ್ಥೆಯ ವಿಳಾಸದಿಂದಲೇ ಹೋಗಲಿ. ಸ್ವಂತ ಡೊಮೇನ್ ಇಲ್ಲದಿದ್ದರೆ ನಿಮ್ಮ ಬಿಲ್ಲಿನ ಮೇಲೆ ಅಚ್ಚಾಗಿರುವ ಇಮೇಲ್ ವಿಳಾಸವನ್ನೇ ಬಳಸಿ. ಅಣ್ಣನ ಮಗನ ಸ್ವಂತ ಜಿಮೇಲ್‌ನಿಂದ ಕಳಿಸಬೇಡಿ. ನೇಮಕಾತಿ ಪತ್ರದ ಮಾತು ಯಾಕೆಂದರೆ ಆಫರ್ ಇಮೇಲ್ ಬೇರೆ, ನೇಮಕಾತಿ ಪತ್ರ ಬೇರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಅದೇ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆಯೂ ಬದಲಾಗಿದೆ: ಮನೆ ಬಾಡಿಗೆ, ಪ್ರಯಾಣದಂಥ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನ ಅಂತಲೇ ಎಣಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಭತ್ಯೆ 36,000ದಲ್ಲಿ 12,000, ಮೂರನೇ ಒಂದು ಭಾಗ, ತೊಂದರೆ ಇಲ್ಲ. ಮೂಲ ವೇತನ 10,000 ಇಟ್ಟು ಉಳಿದದ್ದೆಲ್ಲ ಭತ್ಯೆ ಮಾಡುವ ಹಳೆಯ ರೂಢಿಯವರು ಮಾತ್ರ ಲೆಕ್ಕ ತಿದ್ದಿಕೊಂಡು ಆಮೇಲೆ ಇಮೇಲ್ ಬರೆಯಬೇಕು.

ಕಳಿಸುವಾಗಿನ ತೊಂದರೆಗಳೂ ಇವೆ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ ಅಭ್ಯರ್ಥಿಯ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ, ಮೊದಲು ನಿಮ್ಮದೇ ಇನ್ನೊಂದು ಫೋನಿಗೆ ಕಳಿಸಿ ತೆರೆದು ನೋಡಿ. ಪಗಾರವನ್ನು ಅಗಲವಾದ ಕೋಷ್ಟಕದಲ್ಲಿ ಹಾಕಿದರೆ ಸಣ್ಣ ಪರದೆಯಲ್ಲಿ ಅಂಕಿ ಒಂದು ಕಡೆ, ಹೆಸರು ಒಂದು ಕಡೆ ಆಗುತ್ತದೆ. ಸಾಲುಗಳಲ್ಲಿ ಬರೆಯುವುದು ವಾಸಿ. ತಾರೀಖನ್ನು 5/10 ಅಂತ ಬರೆಯಬೇಡಿ, ತಿಂಗಳ ಹೆಸರು ಮತ್ತು ವಾರ ಎರಡೂ ಇರಲಿ. ವಾರ ಇದ್ದರೆ ತಾರೀಖಿನ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಕಳಿಸಿದ ಮೇಲೆ ಒಂದು ಫೋನ್ ಮಾಡಿ, ಮೇಲ್ ಬಂದಿದೆಯಾ ಅಂತ ಕೇಳಿ. ಬಯೋಡೇಟಾದಲ್ಲಿ ಒಂದು ಅಕ್ಷರ ತಪ್ಪಿದ್ದರೂ, ಸ್ಪ್ಯಾಮ್‌ಗೆ ಹೋಗಿದ್ದರೂ ಆಗಲೇ ತಿಳಿಯುತ್ತದೆ. ಇಲ್ಲದಿದ್ದರೆ ಇಲ್ಲಿ ನೀವು ಏಳು ದಿನ ಕಾಯುತ್ತೀರಿ, ಅಲ್ಲಿ ಅವರೂ ಕಾಯುತ್ತಿರುತ್ತಾರೆ.

ಕೊನೆಯದಾಗಿ ಉತ್ತರಗಳ ವಿಷಯ. ಅಕ್ಟೋಬರ್ 10ಕ್ಕೆ ಅಭ್ಯರ್ಥಿ ಹೀಗೆ ಬರೆದರು ಅಂದುಕೊಳ್ಳಿ: ‘ಒಪ್ಪಿಗೆ ಇದೆ, ಪಗಾರ 38,000 ಮಾಡಿದರೆ ಬರುತ್ತೇನೆ.’ ಇದು ಒಪ್ಪಿಗೆ ಅಲ್ಲ, ಅವರ ಕಡೆಯಿಂದ ಬಂದ ಹೊಸ ಪ್ರಸ್ತಾವ. ನೀವು ಹೂಂ ಅನ್ನಬಹುದು, ಉಹೂಂ ಅನ್ನಬಹುದು, ಆದರೆ ಸುಮ್ಮನಿರಬಾರದು. ಹೆಚ್ಚಿಸುವುದಿಲ್ಲ ಅಂತಾದರೆ ಅದೇ ದಿನ ಬರೆಯಿರಿ: ‘ಒಟ್ಟು ಪಗಾರ 36,000ವೇ ಇರುತ್ತದೆ, ಅಕ್ಟೋಬರ್ 5ರ ಆಫರ್ ಅದೇ ಷರತ್ತುಗಳ ಮೇಲೆ ಅಕ್ಟೋಬರ್ 12, ಸಂಜೆ 5ರವರೆಗೆ ತೆರೆದಿದೆ.’ ಈ ವಾಕ್ಯದಿಂದ ಆಫರ್ ಮತ್ತೆ ಎದ್ದು ನಿಲ್ಲುತ್ತದೆ, ಗೊಂದಲ ಉಳಿಯುವುದಿಲ್ಲ. ಹೆಚ್ಚಿಸುತ್ತೀರಿ ಅಂತಾದರೆ ಬರೀ ‘ಆಯಿತು’ ಅನ್ನದೆ ಬಿಡಿಸಿದ ಲೆಕ್ಕವನ್ನು ಪೂರ್ತಿ ಮತ್ತೆ ಬರೆದು ಕಳಿಸಿ. ಹೆಚ್ಚಿಸಿದ ಎರಡು ಸಾವಿರ ಮೂಲ ವೇತನಕ್ಕೆ ಸೇರಿತೋ ಭತ್ಯೆಗೆ ಸೇರಿತೋ ಅನ್ನುವುದರ ಮೇಲೆ ಗ್ರಾಚ್ಯುಟಿ ಬದಲಾಗುತ್ತದೆ.

ಎರಡನೇ ಸ್ಥಾನದಲ್ಲಿರುವ ಅಭ್ಯರ್ಥಿಗೆ ‘ನೀವು ಆಯ್ಕೆ ಆಗಿಲ್ಲ’ ಅಂತ ಅಕ್ಟೋಬರ್ 5ಕ್ಕೇ ತಿಳಿಸಬೇಡಿ. ‘ತೀರ್ಮಾನ 14ರೊಳಗೆ ತಿಳಿಸುತ್ತೇವೆ’ ಅನ್ನಿ, ಅದು ಸುಳ್ಳಲ್ಲ. 12ರ ಸಂಜೆ 5 ದಾಟಿದರೂ ಉತ್ತರ ಇಲ್ಲದಿದ್ದರೆ 13ರ ಬೆಳಿಗ್ಗೆ ಮೊದಲನೆಯವರಿಗೆ ಎರಡು ಸಾಲು: ‘ಅಕ್ಟೋಬರ್ 5ರ ಆಫರ್‌ಗೆ ನಿಗದಿತ ಸಮಯದಲ್ಲಿ ಉತ್ತರ ಬಂದಿಲ್ಲ, ಹಾಗಾಗಿ ಅದು ಮುಗಿದಿದೆ.’ ಈ ಸಾಲು ಹೋದ ಮೇಲೆಯೇ ಎರಡನೆಯವರಿಗೆ ಆಫರ್ ಕಳಿಸಿ. ಅವರ ನೋಟಿಸ್ ಎಷ್ಟು ದಿನ ಅಂತ ಕೇಳಿಕೊಂಡು ಸೇರುವ ದಿನ, ಮೊದಲ ಪಗಾರ, ಈ ವರ್ಷದ ಪ್ರೋತ್ಸಾಹಧನ ಮೂರನ್ನೂ ಹೊಸದಾಗಿ ಲೆಕ್ಕ ಹಾಕಿ. ಹಳೆಯ ಇಮೇಲ್ ನಕಲು ಮಾಡಿ ಕಳಿಸುವಾಗ ಹಳೆಯದಾಗಿಯೇ ಉಳಿದುಬಿಡುವುದು ಈ ಮೂರು.